ಹದಿನಾರು ಒಬ್ಬೆ ಬಾದೂಷಾ

ಮಾವನ ಜೊತೆ ಮದುವೆ ಅಡುಗೆಗೆ ಹೋಗಲು ಶುರುಮಾಡಿ ಎರಡು ವರ್ಷವಾಗಿತ್ತು. ತರಕಾರಿ ಹೆಚ್ಚಿದ್ದೆ, ಕೊಪ್ಪರಿಗೆಗಟ್ಟಲೆ ಅನ್ನ ಬಸಿದಿದ್ದೆ, ಸಾರಿಗೆ ಒಗ್ಗರಣೆ ಹಾಕಿದ್ದೆ. ಸಿಹಿ ಕರಿಯುವ ಬಾಣಲೆ ಹತ್ತಿರ ಮಾತ್ರ ನಿಂತು ನೋಡಿದ್ದೇ ಹೊರತು ಸಟ್ಟುಗ ಮುಟ್ಟಿರಲಿಲ್ಲ. ಆ ಸಲ ಮಾವನ ಮೊಣಕೈ ನೋವು ಜಾಸ್ತಿಯಾಗಿ, "ಬಾದೂಷಾ ನೀನೇ ಕರಿ, ನಾನು ಪಕ್ಕದಲ್ಲಿ ಕೂತಿರ್ತೀನಿ" ಅಂದರು.

ಪ್ರತಿ ಒಬ್ಬೆಗೂ ನೋಟ್‌ಬುಕ್ಕಿನಲ್ಲಿ ಒಂದೊಂದು ಸಾಲು ಬರೆದಿದ್ದೆ. ಒಬ್ಬೆ ಅಂದರೆ ಒಂದು ಸಲಕ್ಕೆ ಬಾಣಲೆಗೆ ಬೀಳುವಷ್ಟು. ಪುಟಗಳ ಮೇಲೆಲ್ಲ ಎಣ್ಣೆಯ ಕಲೆ. ಓದಲು ಬರುವಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ಸಾಮಾನು

ಮೈದಾ 20 ಕೆಜಿ. ಅದಕ್ಕೆ ಆರೂವರೆ ಕೆಜಿ ವನಸ್ಪತಿ, ಮೊಸರು, ಚಿಟಿಕೆ ಲೆಕ್ಕದಲ್ಲಿ ಉಪ್ಪು, ಅಡುಗೆ ಸೋಡ. ಎಲ್ಲವನ್ನೂ ಒಟ್ಟಿಗೆ ಕಲಸಲಿಲ್ಲ. ಐದೈದು ಕೆಜಿಯಂತೆ ನಾಲ್ಕು ಸಲ ಕಲಸಿದೆವು. ಸೋಡ ಹಾಕಿದ ಹಿಟ್ಟು ಐದಾರು ಗಂಟೆ ಕಾದು ಕೂತರೆ ಅದರ ಉಬ್ಬುವ ಕಸುವೇ ಹೋಗುತ್ತದೆ. ಜೊತೆಗೆ ಒಲೆಗಳ ಸೆಖೆಗೆ ಜಿಡ್ಡು ಕರಗಿ ಹಿಟ್ಟು ಜಾರತೊಡಗುತ್ತದೆ. ಚಪಾತಿ ಹಿಟ್ಟಿನ ಹಾಗೆ ನಾದುವುದೂ ಇಲ್ಲ. ಒಟ್ಟುಗೂಡಿಸಿ, ಮುಚ್ಚಿ, ಅರ್ಧ ಗಂಟೆ ಬಿಟ್ಟರೆ ಆಯಿತು.

ಒಂದೊಂದು ಉಂಡೆ ಸುಮಾರು 40 ಗ್ರಾಂ. ಅಂಗೈಯಲ್ಲಿ ಒತ್ತಿ, ನಡುವೆ ಹೆಬ್ಬೆರಳಿನಿಂದ ಗುಳಿ ಮಾಡಬೇಕು. ಒಟ್ಟು 800 ಆಗುವಷ್ಟು ಹಿಟ್ಟು. ಬೇಕಾಗಿದ್ದದ್ದು 650. ಇಷ್ಟೊಂದು ಯಾಕೆ ಹೆಚ್ಚಿಗೆ ಅಂತ ಕೇಳಿದ್ದಕ್ಕೆ ಮಾವ, "ನೀನು ಕರೀತಿದ್ದೀಯಲ್ಲ, ಅದಕ್ಕೆ" ಅಂದರು.

ಬಾಣಲೆ ದಪ್ಪ ಕಬ್ಬಿಣದ್ದು, ಎರಡಡಿ ಅಗಲ. ಒಂದು ಟಿನ್ ಎಣ್ಣೆ, ಅಂದರೆ 15 ಕೆಜಿ ಸುರಿದರೆ ಅರ್ಧಕ್ಕಿಂತ ಸ್ವಲ್ಪ ಕೆಳಗೆ ನಿಲ್ಲುತ್ತದೆ. ಕೆಳಗೆ ಮದುವೆ ಮನೆಗಳಲ್ಲಿ ಭರ್ರ್ ಅನ್ನುವ ದೊಡ್ಡ ಗ್ಯಾಸ್ ಬರ್ನರ್. ಆ ಬರ್ನರ್ ಬಾದೂಷಾಗೆ ಹೇಳಿಸಿದ್ದಲ್ಲ. ಎಷ್ಟು ಸಣ್ಣ ಮಾಡಿದರೂ ಅದರ ಉರಿ ಜಾಸ್ತಿಯೇ. ಇದು ಗೊತ್ತಾಗಲು ನನಗೆ ಆರು ಒಬ್ಬೆ ಬೇಕಾಯಿತು.

ರಾತ್ರಿ 9.20, ಮೊದಲನೇ ಒಬ್ಬೆ

ವಡೆ, ಬೋಂಡ ಕರಿದು ಅಭ್ಯಾಸವಿತ್ತು. ಚೂರು ಹಿಟ್ಟು ಹಾಕಿದೆ. ಬಿದ್ದ ತಕ್ಷಣ ಚರ್ ಅಂತ ಮೇಲೆ ಬಂತು. ಎಣ್ಣೆ ಕಾದಿದೆ ಅಂದುಕೊಂಡು 50 ಬಿಟ್ಟೆ. ಮಾವ ನೋಡುತ್ತಿದ್ದರು, ಏನೂ ಹೇಳಲಿಲ್ಲ.

ನಾಲ್ಕು ನಿಮಿಷಕ್ಕೇ ಎಲ್ಲ ಚಿನ್ನದ ಬಣ್ಣ. ನನಗೋ ಹಿಗ್ಗು. ಆರನೇ ನಿಮಿಷಕ್ಕೆ ಕಂದು ಬಣ್ಣಕ್ಕೆ ತಿರುಗಿದಾಗ ಗಾಬರಿಯಾಗಿ ಎತ್ತಿದೆ. ಮಾವ ಒಂದನ್ನು ಮುರಿದು ನನ್ನ ಮುಂದೆ ಹಿಡಿದರು. ಹೊರಗೆ ಬಿಸ್ಕತ್ತಿನಂಥ ಚಿಪ್ಪು, ಒಳಗೆ ಬೆಳ್ಳಗೆ, ಅಂಟು ಅಂಟಾದ ಹಸಿ ಹಿಟ್ಟು.

"ತಿನ್ನು."

ತಿಂದೆ. ಹಲ್ಲಿಗೆ ಮೆತ್ತಿಕೊಂಡಿತು.

ಆಮೇಲೆ ಚೀಲದಿಂದ ಥರ್ಮಾಮೀಟರ್ ತೆಗೆದೆ. ಉದ್ದ ಸ್ಟೀಲ್ ಕಡ್ಡಿಯ ಡಿಜಿಟಲ್ ಸಾಧನ. ನಗುತ್ತಾರೆ ಅಂತ ಅಲ್ಲಿಯವರೆಗೆ ಮುಚ್ಚಿಟ್ಟಿದ್ದೆ. ಒಬ್ಬೆ ತೆಗೆದ ಮೇಲೂ 172 ಡಿಗ್ರಿ ತೋರಿಸಿತು. ವಡೆಗೆ ಸರಿಯಾದ ಶಾಖ, ಬಾದೂಷಾಗೆ ಕೊಲೆ. ಹಿಟ್ಟು ಶಾಖವನ್ನು ಒಳಗೆ ಬಿಟ್ಟುಕೊಳ್ಳುವುದು ನಿಧಾನ. ಎಣ್ಣೆ ಇಷ್ಟು ಬಿಸಿ ಇದ್ದರೆ ಒಳಗಿನದು ಬೆಚ್ಚಗಾಗುವಷ್ಟರಲ್ಲೇ ಹೊರಗಡೆ ಗಟ್ಟಿ ಚಿಪ್ಪು ಕಟ್ಟಿರುತ್ತದೆ. ಚಿಪ್ಪು ಕಟ್ಟಿದ ಮೇಲೆ ಒಳಗಿನ ಪದರ ಬಿಚ್ಚಿಕೊಳ್ಳಲು ಜಾಗವಿಲ್ಲ, ಪಾಕ ಒಳಗೆ ಇಳಿಯಲು ದಾರಿಯಿಲ್ಲ.

9.50, ಎರಡನೇ ಒಬ್ಬೆ

ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿದ ಹಾಗೆ, ಈ ಸಲ ಎಣ್ಣೆ ಚೆನ್ನಾಗಿ ಆರುವ ತನಕ ಕಾದೆ. 95 ಡಿಗ್ರಿಯಲ್ಲಿ ಬಿಟ್ಟೆ. 50ಕ್ಕೆ 50 ತಳಕ್ಕೆ ಹೋಗಿ ಕೂತವು. ಗುಳ್ಳೆಯಿಲ್ಲ, ಸದ್ದಿಲ್ಲ. ಏಳೆಂಟು ನಿಮಿಷವಾದರೂ ಮೇಲೇಳಲಿಲ್ಲ. ಸಟ್ಟುಗದಲ್ಲಿ ಮೆಲ್ಲಗೆ ಅಲುಗಿಸಲು ಹೋದರೆ ಅಂಚು ಕಿತ್ತುಕೊಂಡು ಬಂತು.

ಹಿಟ್ಟಿನೊಳಗಿನ ವನಸ್ಪತಿ ಕರಗುತ್ತದೆ, ಆದರೆ ಅದನ್ನು ಹಿಡಿದಿಡುವ ಮೈದಾ ಇನ್ನೂ ಬೆಂದು ಗಟ್ಟಿಯಾಗಿರುವುದಿಲ್ಲ. ಜಿಡ್ಡು ಹೊರಗೆ ಹರಿದು ಹೋಗುತ್ತದೆ, ಬಾಣಲೆಯ ಎಣ್ಣೆ ಆ ಜಾಗಕ್ಕೆ ಬಂದು ಕೂರುತ್ತದೆ. 35 ನಿಮಿಷ ಬಿಟ್ಟು ತೆಗೆದಾಗ ಬಣ್ಣ ಪೇಲವ, ತೂಕ ಜಾಸ್ತಿ. ಕಾಗದದ ಮೇಲಿಟ್ಟರೆ ಎಣ್ಣೆಯ ಮಡು. ಪಾಕಕ್ಕೆ ಹಾಕಿದ ಮೂರೂ ಪುಡಿಪುಡಿಯಾದವು.

100 ಬಾದೂಷಾ ಹೋಯಿತು. ಮಾವ ಹೇಳಿದ ಹೆಚ್ಚಿಗೆಯ ಲೆಕ್ಕ ಆಗ ಅರ್ಥವಾಯಿತು.

10.40, ಮೂರನೇ ಒಬ್ಬೆ. ಮಾವ ಕುರ್ಚಿ ಎಳೆದುಕೊಂಡರು

"ಮೊದಲು ಗ್ಯಾಸ್ ಪೂರ್ತಿ ಆರಿಸು. ಆಮೇಲೆ ಬಿಡು."

ಥರ್ಮಾಮೀಟರಿನಲ್ಲಿ 130 ಇತ್ತು. ಗ್ಯಾಸ್ ಆರಿಸಿ, ಬಾಣಲೆಯ ಅಂಚಿನಿಂದ ಒಂದೊಂದಾಗಿ ಜಾರಿಸಿದೆ. ಎರಡು ಕೆಜಿ ತಣ್ಣನೆಯ ಹಿಟ್ಟು ಬಿದ್ದರೆ 15 ಕೆಜಿ ಎಣ್ಣೆ ಎಷ್ಟು ತಣಿಯುತ್ತದೆ ನೋಡೋಣ ಅಂತ ಕಣ್ಣಿಟ್ಟಿದ್ದೆ. 114ಕ್ಕೆ ಇಳಿಯಿತು. ಅಂದರೆ ಬಿಡುವಾಗ ಇರುವ ಶಾಖ ಬೇರೆ, ಬಾದೂಷಾ ನಿಜವಾಗಿ ಬೇಯಲು ಶುರುವಾಗುವ ಶಾಖ ಬೇರೆ. ಮೊದಲೇ 115ರಲ್ಲಿ ಬಿಟ್ಟಿದ್ದರೆ 100ಕ್ಕೆ ಇಳಿದು ಎರಡನೇ ಒಬ್ಬೆಯ ಕತೆಯೇ ಆಗುತ್ತಿತ್ತು.

ಬಾದೂಷಾ ತಳಕ್ಕೆ ಹೋದವು. ಆದರೆ ಈ ಸಲ ಸುಮ್ನೆ ಕೂರಲಿಲ್ಲ. ಪ್ರತಿಯೊಂದರ ಅಂಚಿನಿಂದಲೂ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಸಾಲಾಗಿ, ದಾರ ಪೋಣಿಸಿದ ಹಾಗೆ ಮೇಲೆ ಬರುತ್ತಿದ್ದವು. "ಮುಟ್ಟಬೇಡ" ಅಂದರು ಮಾವ. ನಾಲ್ಕು ನಿಮಿಷ ಕಳೆಯುವಷ್ಟರಲ್ಲಿ ಒಂದು ಮೇಲೆದ್ದಿತು, ಆಮೇಲೆ ಎರಡು, ಆಮೇಲೆ ಗುಂಪಾಗಿ. ತಾವಾಗಿಯೇ ಮೇಲೆ ಬಂದವು ಅಂದರೆ ಒಳಗೆ ಆವಿ ಮತ್ತು ಸೋಡದ ಗಾಳಿ ಸೇರಿ ಹಗುರಾಗಿವೆ ಅಂತ. ಆಗ ಸಣ್ಣಗೆ ಉರಿ ಹಚ್ಚಿಸಿದರು.

ಅಲ್ಲಿಂದ 15 ನಿಮಿಷ, 114ರಿಂದ 148ಕ್ಕೆ ಮೆಲ್ಲಗೆ ಏರಿಕೆ. ನಡುವೆ ಎರಡು ಸಲ ಮಗುಚಿದ್ದು. ಮೊದಲ ಅರ್ಧದಲ್ಲಿ ಬಣ್ಣ ಬರುವುದೇ ಇಲ್ಲ, ಬರಲೂ ಬಾರದು. ಆ ಹೊತ್ತಿನಲ್ಲಿ ಒಳಗಿನ ಕೆಲಸ ನಡೆಯುತ್ತಿರುತ್ತದೆ. ಕೊನೆಯ ಐದು ನಿಮಿಷದ ಹೆಚ್ಚಿನ ಶಾಖ ಬಣ್ಣಕ್ಕೆ, ಗರಿಗೆ.

ಮುರಿದು ನೋಡಿದೆ. ಅಂಚಿನಿಂದ ನಡುವಿನ ತನಕ ಪುಸ್ತಕದ ಹಾಳೆಯಂತೆ ಪದರ. ಮಾವ ಅರ್ಧ ಬಾಯಿಗೆ ಹಾಕಿಕೊಂಡು ಉಳಿದರ್ಧ ಪಾಕದವನಿಗೆ ಕೊಟ್ಟರು. ಹೊಗಳಲಿಲ್ಲ. "ಮುಂದಿನದು ಹಾಕು" ಅಂದರು ಅಷ್ಟೇ.

11.10, ನಾಲ್ಕು ಮತ್ತು ಐದು

ಮುಂದಿನದು ಹಾಕು ಅಂದರೆ ಹೇಗೆ? ಒಬ್ಬೆ ಮುಗಿದಾಗ ಎಣ್ಣೆ ಸುಮಾರು 150ರಲ್ಲಿದೆ. ಹೊಸದನ್ನು ಬಿಡಬೇಕಾದ್ದು 130ಕ್ಕೆ. ಮನೆಯ ಪುಟ್ಟ ಬಾಣಲೆ ಆದರೆ ಆರಿಸಿ ಸ್ವಲ್ಪ ಹೊತ್ತು ಬಿಟ್ಟರೆ ತಣಿಯುತ್ತದೆ. ಇಲ್ಲಿ ಹತ್ತು ನಿಮಿಷ ಕಾದೆ, 141. ಇನ್ನೂ 13 ಒಬ್ಬೆ ಬಾಕಿ. ಹೀಗೆ ಕಾಯುತ್ತ ಕೂತರೆ ಬೆಳಗಿನ ನಾದಸ್ವರ ಶುರುವಾದರೂ ಮುಗಿಯುವುದಿಲ್ಲ.

ತಾಳ್ಮೆಗೆಟ್ಟು 141ಕ್ಕೇ ಬಿಟ್ಟೆ. ಕೆಟ್ಟು ಹೋಗಲಿಲ್ಲ, ಆದರೆ ಒಂದೇ ನಿಮಿಷಕ್ಕೆ ಮೇಲೆದ್ದವು. ನಡುವಿನಲ್ಲಿ ಬೆರಳ ತುದಿಯಷ್ಟು ಹಸಿ ಉಳಿದಿತ್ತು. ಮತ್ತೆ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಹೆಚ್ಚಿಗೆ ಬಿಟ್ಟು ಸರಿಮಾಡಿದೆವು. ಬಣ್ಣ ಸ್ವಲ್ಪ ಗಾಢವಾಯಿತು.

ಐದನೆಯದಕ್ಕೆ ಮಾವ ದಾರಿ ತೋರಿಸಿದರು. ಎರಡನೇ ಟಿನ್ ತೆರೆಸಿದರು. ಒಣಗಿದ ಸ್ಟೀಲ್ ಪಾತ್ರೆಗೆ ಬಾಣಲೆಯಿಂದ ಎರಡೂವರೆ ಕೆಜಿಯಷ್ಟು ಬಿಸಿ ಎಣ್ಣೆ ತೆಗೆದಿಟ್ಟು, ಅಷ್ಟೇ ತಣ್ಣನೆಯ ಎಣ್ಣೆ ಸುರಿದರು. ಕಡ್ಡಿ ಅದ್ದಿದೆ. 131! ಲೆಕ್ಕ ಹಾಕಿದರೂ ಅಷ್ಟೇ ಬರುತ್ತದೆ. ಆರು ಪಾಲಿನಲ್ಲಿ ಐದು ಪಾಲು 150, ಒಂದು ಪಾಲು 30, ಸರಾಸರಿ 130. ಮಾವನಿಗೆ ಇದರ ಗಣಿತ ಬೇಕಿರಲಿಲ್ಲ. "ಎರಡು ಚೊಂಬು" ಅನ್ನುವುದೇ ಅವರ ಅಳತೆ. ತೆಗೆದಿಟ್ಟ ಎಣ್ಣೆ ಪಕ್ಕದಲ್ಲಿ ಆರುತ್ತದೆ. ನಾಲ್ಕೈದು ಒಬ್ಬೆ ಕಳೆದ ಮೇಲೆ ಅದೇ ತಣ್ಣನೆಯ ಎಣ್ಣೆಯಾಗಿ ವಾಪಸು ಬರುತ್ತದೆ. ಕರಿದದ್ದು ಹೀರಿಕೊಂಡ ಎಣ್ಣೆಯ ಕೊರತೆಯೂ ಇದರಲ್ಲೇ ತುಂಬುತ್ತದೆ. ಪಾತ್ರೆಯಲ್ಲಿ ಒಂದು ಹನಿ ನೀರೂ ಇರಬಾರದು, ಇದನ್ನು ಮಾತ್ರ ಎರಡೆರಡು ಸಲ ಹೇಳಿದರು. ನೀರು ಕಾದ ಎಣ್ಣೆಯ ತಳಕ್ಕಿಳಿದು ಒಮ್ಮೆಗೇ ಆವಿಯಾದರೆ ಎಣ್ಣೆ ಉಕ್ಕಿ ಮೈಮೇಲೆ ಬರುತ್ತದೆ. ಎಣ್ಣೆ ಕಾದಿದೆಯಾ ಅಂತ ನೀರು ಚಿಮುಕಿಸಿ ನೋಡುವವರನ್ನು ಮಾವ ಬಾಣಲೆಯ ಹತ್ತಿರವೇ ಸೇರಿಸುವುದಿಲ್ಲ.

ಆರನೇ ಒಬ್ಬೆ, ಗ್ಯಾಸ್ ಆರಿದ ಮೇಲಿನ ಶಾಖ

ಶುರು ಚೆನ್ನಾಗಿತ್ತು. ಕೊನೆಯಲ್ಲಿ 148 ಆದಾಗ ಗ್ಯಾಸ್ ಆರಿಸಿ, "ಆಯ್ತು ಮಾವ" ಅಂದು ಬೆವರು ಒರೆಸಿಕೊಂಡೆ. ಬಂದು ನೋಡಿದರೆ 157. ಆರಿಸಿದ ಮೇಲೆ ಒಂಬತ್ತು ಡಿಗ್ರಿ ಏರಿತ್ತು. ತಳದಲ್ಲಿದ್ದ ಕೆಲವದರ ಕೆಳಗೆ ಕಂದು ಕಲೆ.

"ಇದು ಎತ್ತಿನ ಗಾಡಿ ಕಣೋ. ಹೋ ಅಂದ ತಕ್ಷಣ ನಿಲ್ಲಲ್ಲ" ಅಂದರು ಮಾವ.

ಬಾಣಲೆಯೇ ಹತ್ತಾರು ಕೆಜಿ ಕಬ್ಬಿಣ. ಉರಿ ತಾಗುವ ತಳ ಎಣ್ಣೆಗಿಂತ ಎಷ್ಟೋ ಬಿಸಿ ಇರುತ್ತದೆ. ಉರಿ ನಿಂತರೂ ಆ ಬಿಸಿ ಎಣ್ಣೆಗೆ ಇಳಿಯುತ್ತಲೇ ಇರುತ್ತದೆ. ಆಮೇಲಿಂದ ನಾನು 140ಕ್ಕೇ ಆರಿಸಿ, ಉಳಿದದ್ದನ್ನು ಕಬ್ಬಿಣಕ್ಕೆ ಬಿಟ್ಟೆ. ಬರ್ನರ್ ಎಷ್ಟು ಸಣ್ಣ ಮಾಡಿದರೂ ಜಾಸ್ತಿಯೇ ಆಗುತ್ತಿತ್ತಲ್ಲ, ಅದಕ್ಕೂ ಇದೇ ಉಪಾಯ. ಸಣ್ಣ ಮಾಡುವುದಲ್ಲ, ಎರಡು ನಿಮಿಷ ಹಚ್ಚು, ಮೂರು ನಿಮಿಷ ಆರಿಸು.

ಥರ್ಮಾಮೀಟರ್ ಬಗ್ಗೆಯೂ ಒಂದು ಮಾತು. ಕಡ್ಡಿಯ ತುದಿ ತಳಕ್ಕೆ ತಾಗಿದ್ದಾಗ 170 ತೋರಿಸಿದ್ದನ್ನು ನಂಬಿ ಒಮ್ಮೆ ತಣ್ಣನೆಯ ಎಣ್ಣೆ ಸುರಿಯಲು ಹೊರಟಿದ್ದೆ. ಎಣ್ಣೆಯನ್ನು ಒಮ್ಮೆ ತಿರುಗಿಸಿ, ತುದಿಯನ್ನು ನಡುವಿನ ಆಳದಲ್ಲಿ ಹಿಡಿದಾಗ 146. ಸುಮ್ಮನೆ ನಿಂತ ಎಣ್ಣೆಯಲ್ಲಿ ಒಂದೇ ಶಾಖ ಅಂತ ಇರುವುದಿಲ್ಲ.

12.50, ಎಂಟನೆಯದರಲ್ಲಿ ಥರ್ಮಾಮೀಟರ್ ಹೋಯಿತು

ಆವಿಗೋ ಸೆಖೆಗೋ ಗೊತ್ತಿಲ್ಲ, ಅಂಕಿ ಮಸುಕಾಗಿ ಪೂರ್ತಿ ಅಳಿಸಿಹೋಯಿತು. ಬ್ಯಾಟರಿ ಬದಲಿಸಿದರೂ ಏಳಲಿಲ್ಲ. ಇನ್ನೂ ಎಂಟು ಒಬ್ಬೆ ಬಾಕಿ.

ಪುಣ್ಯಕ್ಕೆ ಅಲ್ಲಿಯವರೆಗೆ ಪ್ರತಿ ಸಲವೂ ಅಂಕಿ ನೋಡುವ ಮೊದಲು ಮಾವ ಚೂರು ಹಿಟ್ಟು ಹಾಕಿಸುತ್ತಿದ್ದರು. ಕಡಲೆಕಾಳಿನಷ್ಟು ಚೂರು, ಪ್ರತಿ ಸಲ ಅದೇ ಗಾತ್ರ, ಅದೇ ಹಿಟ್ಟು. ಬಿದ್ದಾಗಿನಿಂದ ಎಣಿಕೆ. ನೋಟ್‌ಬುಕ್ಕಿನಲ್ಲಿ ಅಂಕಿಯ ಪಕ್ಕ ಅದೂ ಇತ್ತು. ನಮ್ಮ ಬಾಣಲೆ, ನಮ್ಮ ಹಿಟ್ಟಿಗೆ ಹೀಗೆ: 170ರ ಹತ್ತಿರ ಚೂರು ಮುಳುಗುವುದೇ ಇಲ್ಲ. 150ರಲ್ಲಿ ಮುಳುಗಿ, ಮೂರು ಎಣಿಸುವಷ್ಟರಲ್ಲಿ ಏಳುತ್ತದೆ. 130ರಲ್ಲಿ ತಳ ಮುಟ್ಟಿ, ಗುಳ್ಳೆ ಬಿಡುತ್ತ, ಎಂಟು ಹತ್ತು ಎಣಿಸುವ ತನಕ ಯೋಚನೆ ಮಾಡಿ ಎದ್ದು ಬರುತ್ತದೆ. 110ಕ್ಕಿಂತ ಕೆಳಗೆ 20 ಎಣಿಸಿದರೂ ಅಲ್ಲೇ. ಬೇರೆ ಹಿಟ್ಟಿಗೆ ಈ ಎಣಿಕೆ ಬೇರೆಯೇ ಆಗುತ್ತದೆ. ಹೊಸ ಹಿಟ್ಟು ಕಲಸಿದಾಗಲೆಲ್ಲ ಮೊದಲಿನಿಂದ ನೋಡಬೇಕು.

ಒಬ್ಬೆ ಬಿಡುವ ಹೊತ್ತಿಗೆ ಚೂರು ಸಾಕು. ಕರಿಯುತ್ತಿರುವಾಗ ಏನು ಮಾಡುವುದು? ಮಾವ ಕಣ್ಣು ಮುಚ್ಚಿ ಕೂತಿದ್ದರು. ನಿದ್ದೆ ಬಂದಿದೆ ಅಂದುಕೊಂಡೆ.

"ಗ್ಯಾಸ್ ಆರಿಸು" ಅಂದರು.

"ಮಾವ, ಬಣ್ಣವೇ ಬಂದಿಲ್ಲ."

"ಸದ್ದು ಕೇಳು. ಮಳೆ ಜೋರಾಗಿದೆ."

ಬರ್ನರ್ ಭೋರ್ಗರೆತ ನಿಂತ ಮೇಲೆ ಕೇಳಿಸಿತು. ಗುಳ್ಳೆ ಅಂದರೆ ಹಿಟ್ಟಿನ ನೀರು ಆವಿಯಾಗಿ ಹೊರಬರುವುದು. ಹದವಾದ ಶಾಖದಲ್ಲಿ ಅದು ಹಂಚಿನ ಮೇಲೆ ಜಿನುಗು ಮಳೆ ಬಿದ್ದ ಹಾಗೆ, ಸೊರಸೊರ ಅಂತ ಒಂದೇ ಸಮ. ಶಾಖ ಏರಿದರೆ ಗುಳ್ಳೆ ದಪ್ಪವಾಗಿ ಚಟಪಟ ಬೆರೆಯುತ್ತದೆ. ಬೇಯುತ್ತ ಬಂದಂತೆ ನೀರು ಕಡಿಮೆಯಾಗಿ ಸದ್ದು ತಾನಾಗಿ ಇಳಿಯಬೇಕು. ಬಣ್ಣ ಬಂದೂ ಸದ್ದು ಇಳಿಯದಿದ್ದರೆ ಒಳಗೆ ಇನ್ನೂ ಹಸಿ ಇದೆ. ಮೊದಲ ಒಬ್ಬೆಯಲ್ಲಿ ನಾನು ಎತ್ತಿದಾಗ ಬಾಣಲೆ ಕಿರುಚುತ್ತಿತ್ತು. ನನಗೆ ಕೇಳಿಸಿರಲಿಲ್ಲ, ಅಷ್ಟೇ.

ಒಂಬತ್ತು, ಹತ್ತು, ಹನ್ನೊಂದು, ಮೂರೂ ಚೂರು ಮತ್ತು ಸದ್ದಿನಲ್ಲೇ ನಡೆದವು. ಹತ್ತನೆಯದರಲ್ಲಿ ಒಂದು ಮುರಿದು ನೋಡಿದೆ, ಪದರ ಸರಿಯಾಗಿತ್ತು. ಹನ್ನೊಂದರಲ್ಲಿ ಮುರಿಯಲಿಲ್ಲ.

2.30, ಹನ್ನೆರಡನೆಯದು: ಬಣ್ಣ ಮೋಸ ಮಾಡಿತು

ಸದ್ದು ಇಳಿಯುವ ಮೊದಲೇ ಬಾದೂಷಾ ಕೆಂಪಗೆ ಕಾಣತೊಡಗಿದವು. ಹೆದರಿ ಎರಡು ಜಾಲರಿ ಎತ್ತಿಬಿಟ್ಟೆ. ತಟ್ಟೆಗೆ ಬಿದ್ದಾಗ ನೋಡಿದರೆ ಬರೀ ಹಳದಿ. ಎಣ್ಣೆ ಅಷ್ಟು ಹೊತ್ತಿಗೆ ಚಹಾದ ಬಣ್ಣಕ್ಕೆ ತಿರುಗಿತ್ತು, ಮೇಲೆ ನೇತಾಡುತ್ತಿದ್ದ ಬಲ್ಬೂ ಹಳದಿ. ಎಣ್ಣೆಯೊಳಗಿದ್ದದ್ದೆಲ್ಲ ಆಗಿರುವುದಕ್ಕಿಂತ ಹೆಚ್ಚು ಬೆಂದ ಹಾಗೆ ಕಾಣುತ್ತಿತ್ತು. ಎತ್ತಿದ್ದನ್ನು ಮತ್ತೆ ಬಿಟ್ಟೆ. ಆಮೇಲಿಂದ ಪ್ರತಿ ಸಲವೂ ಒಂದನ್ನು ಎತ್ತಿ, ಮೊಬೈಲಿನ ಬಿಳಿ ಬೆಳಕಿನಲ್ಲಿ ಹಿಡಿದು ನೋಡುವುದು. ಎತ್ತಿದ ಮೇಲೂ ಒಳಗಿನ ಬಿಸಿಗೆ ಬಣ್ಣ ಸ್ವಲ್ಪ ಗಾಢವಾಗುತ್ತದೆ. ಅದಕ್ಕೇ ಬೇಕಾದ್ದಕ್ಕಿಂತ ಒಂದು ಛಾಯೆ ಮೊದಲೇ ತೆಗೆಯಬೇಕು.

ಎಣ್ಣೆ ಕಪ್ಪಾಗಲು ತಳದಲ್ಲಿ ಉದುರಿದ ಪುಡಿಯೂ ಕಾರಣ. ಎರಡನೇ ಒಬ್ಬೆಯ ಚೂರುಗಳು ಅಲ್ಲೇ ಕೂತು ಸೀಯುತ್ತಿದ್ದವು. ಸಣ್ಣ ಕಣ್ಣಿನ ಜಾಲರಿಯಲ್ಲಿ ತಳ ಬಳಿದು ತೆಗೆದೆ. ಇದನ್ನು ಮೂರನೇ ಒಬ್ಬೆಗೆ ಮೊದಲೇ ಮಾಡಬೇಕಿತ್ತು.

ಪಾಕದ ಕಡೆ ಹೇಳುವಂಥದ್ದು ಹೆಚ್ಚಿಲ್ಲ. ಒಂದೆಳೆ ಪಾಕ, ಬೆಚ್ಚಗೆ. ಕರಿದದ್ದು ಸ್ವಲ್ಪ ಆರಿದ ಮೇಲೆ ಮುಳುಗಿಸಿ ತೆಗೆಯುವುದು. ಎಣ್ಣೆಯ ಶಾಖ ಸರಿಯಿದ್ದ ಒಬ್ಬೆಗಳು ಪಾಕ ಕುಡಿದು ಭಾರವಾದವು. ನಾಲ್ಕನೆಯದು ಮಾತ್ರ ಮೇಲೆ ಮೇಲೆಯೇ ಸಿಹಿ.

4.10, ಹದಿನಾರು

ಕೊನೆಯ ಒಬ್ಬೆಗೆ ಹಿಟ್ಟು ಉಳಿದಿದ್ದು 43ಕ್ಕೆ. ಕಡಿಮೆ ಹಿಟ್ಟು ಬಿದ್ದರೆ ಎಣ್ಣೆ ಕಡಿಮೆ ತಣಿಯುತ್ತದಲ್ವಾ, ಅದಕ್ಕೆ ಇನ್ನೊಂದು ಸೌಟು ತಣ್ಣನೆಯ ಎಣ್ಣೆ ಸೇರಿಸಿ, ಚೂರು ಹಾಕಿ ಎಣಿಸಿದೆ. ಹನ್ನೊಂದು. ಬಿಟ್ಟೆ. ಮಾವ ಈ ಸಲ ನಿಜವಾಗಿಯೂ ನಿದ್ದೆ ಮಾಡುತ್ತಿದ್ದರು.

ಎಣಿಸಿದಾಗ ಬಡಿಸಲು ಯೋಗ್ಯವಾದದ್ದು 671. ಎಣ್ಣೆ ಆರಲು ಬಿಟ್ಟು, ಬಟ್ಟೆಯಲ್ಲಿ ಸೋಸಿ, ಹಪ್ಪಳಕ್ಕೆ ಅಂತ ಎತ್ತಿಟ್ಟೆವು.

ಹತ್ತು ಗಂಟೆಗೆ ಅದೇ ಎಣ್ಣೆ ಮತ್ತೆ ಒಲೆಯ ಮೇಲೆ. ಹಪ್ಪಳಕ್ಕೆ ಬಾದೂಷಾದ ಶಾಖ ಯಾವ ಮೂಲೆಗೂ ಸಾಲದು, ಬಿದ್ದ ಕ್ಷಣಕ್ಕೆ ಅರಳಬೇಕು. ಮಾವ ಊಟದೆಲೆ ಎಣಿಸುತ್ತ ಅಲ್ಲಿಂದಲೇ ಕೂಗಿದರು.

"ಕಾದಿದೆಯೇನೋ?"

ಹಪ್ಪಳದ ಅಂಚು ಮುರಿದು ಹಾಕಿದೆ. ಮುಳುಗಿತು, ಮುದುಡಿತು, ನಿಧಾನಕ್ಕೆ ಮೇಲೆ ಬಂತು.

"ಇನ್ನೂ ಇಲ್ಲ ಮಾವ."